ಫೀನಾಲ್ ಮತ್ತು ನೀರಿನ ನಕ್ಷೆಯನ್ನು ನಾನು ಓದುವ ಬಗೆ

ಫೀನಾಲ್ ಮತ್ತು ನೀರು ಸಾಧಾರಣ ತಾಪದಲ್ಲಿ ಪೂರ್ತಿ ಬೆರೆಯುವುದಿಲ್ಲ. ಕಲಕಿ ಬಿಟ್ಟರೆ ಎರಡು ಪದರಗಳಾಗುತ್ತವೆ. ಸುಮಾರು 66 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಯಾವ ಪ್ರಮಾಣದಲ್ಲಿ ಬೆರೆಸಿದರೂ ಒಂದೇ ದ್ರವ. ಇದೇ ಈ ಜೋಡಿಯ ಮೇಲಿನ ಕ್ರಾಂತಿಕ ದ್ರಾವಣ ತಾಪ. ನಕ್ಷೆಯಲ್ಲಿ ಅಡ್ಡಕ್ಕೆ ಫೀನಾಲ್‌ನ ಶೇಕಡಾ, ಮೇಲಕ್ಕೆ ತಾಪ; ಗುಮ್ಮಟದ ಆಕಾರದ ವಕ್ರರೇಖೆಯ ಒಳಗೆ ಎರಡು ಪದರ, ಹೊರಗೆ ಒಂದೇ ದ್ರವ. ಅದರ ನೆತ್ತಿ ಇರುವುದು ಆ ತಾಪದಲ್ಲಿ, ತೂಕದಲ್ಲಿ ಫೀನಾಲ್ ಸುಮಾರು 34 ಶೇಕಡಾ ಇರುವಲ್ಲಿ.

ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ಕಲಿಸುವಾಗ ನಾನು 10 ಗ್ರಾಂ ಫೀನಾಲ್, 30 ಗ್ರಾಂ ನೀರು ತೆಗೆದುಕೊಳ್ಳುತ್ತೇನೆ. ಫೀನಾಲ್ ಚರ್ಮವನ್ನು ಸುಡುತ್ತದೆ, ಆದ್ದರಿಂದ ಕೈಗವಸು, ಕನ್ನಡಕ ಇಲ್ಲದೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ನೀರಿನ ತೊಟ್ಟಿಯನ್ನು 50 ಡಿಗ್ರಿಯಲ್ಲಿ ನಿಲ್ಲಿಸಿ, ನಳಿಕೆಯನ್ನು ಚೆನ್ನಾಗಿ ಕಲಕಿ, ಪದರಗಳು ತಿಳಿಯಾಗುವವರೆಗೆ ಕಾಯುತ್ತೇವೆ. ಭಾರವಾದ ಫೀನಾಲ್ ಪದರ ಕೆಳಗೆ ನಿಲ್ಲುತ್ತದೆ.

ಮೇಲಿನ ಪದರದಲ್ಲಿ ಫೀನಾಲ್ ಎಷ್ಟಿದೆ ಎಂದು ಕೇಳಿದರೆ ಬಹುತೇಕರ ಉತ್ತರ 25 ಶೇಕಡಾ. ಅದು ನಾವು ಬೆರೆಸಿದ ಒಟ್ಟು ಪ್ರಮಾಣ. ಆ ಪ್ರಮಾಣದ ದ್ರವ 50 ಡಿಗ್ರಿಯಲ್ಲಿ ನಳಿಕೆಯ ಯಾವ ಪದರದಲ್ಲೂ ಇಲ್ಲ. ನಕ್ಷೆಯಲ್ಲಿ 50 ಡಿಗ್ರಿಗೆ ಅಡ್ಡಗೆರೆ ಎಳೆದರೆ ಅದು ವಕ್ರರೇಖೆಯನ್ನು ಎಡಕ್ಕೆ ಸುಮಾರು 11ರಲ್ಲಿ, ಬಲಕ್ಕೆ ಸುಮಾರು 63ರಲ್ಲಿ ಮುಟ್ಟುತ್ತದೆ. ಮೇಲಿನ ಪದರದಲ್ಲಿ 11 ಶೇಕಡಾ ಫೀನಾಲ್, ಕೆಳಗಿನದರಲ್ಲಿ 63. ಬೆರೆಸಿದ್ದು 50 ಶೇಕಡಾ ಆಗಿದ್ದರೂ ಇವೇ ಎರಡು ಅಂಕಿಗಳು. ಬದಲಾಗುವುದು ಪದರಗಳ ತೂಕ ಮಾತ್ರ.

ತೂಕ ತಿಳಿಯಲು ಗೆರೆಯ ಎರಡು ತುಂಡುಗಳನ್ನು ಅಳೆಯಬೇಕು. 25ರಿಂದ 63ಕ್ಕೆ 38, 11ರಿಂದ 25ಕ್ಕೆ 14, ಪೂರ್ತಿ ಗೆರೆ 52. ಒಂದು ಬದಿಯ ಪದರದ ತೂಕಕ್ಕೆ ಎದುರು ಬದಿಯ ತುಂಡು ಸಲ್ಲುತ್ತದೆ: ಮೇಲಿನದು 40 × 38/52, ಅಂದರೆ 29.2 ಗ್ರಾಂ; ಉಳಿದ 10.8 ಗ್ರಾಂ ಕೆಳಗಿನದು. ಫೀನಾಲ್ ಲೆಕ್ಕ ಹಾಕಿ ನೋಡಿದರೆ 3.2 ಮತ್ತು 6.8 ಗ್ರಾಂ, ಕೂಡಿದರೆ ಹಾಕಿದ 10 ಗ್ರಾಂ. ತುಂಡುಗಳನ್ನು ಅದಲುಬದಲು ಮಾಡಿದವರಿಗೆ ಈ ಕೂಡಿಕೆ ಸರಿಹೋಗುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ನನಗೆ ತುಂಬ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಬಿಸಿ ಮಾಡಿದ ಪಿಪೆಟ್‌ನಿಂದ, ರಬ್ಬರ್ ಬಲ್ಬ್ ಹಾಕಿ, ಮೇಲಿನ ಪದರವನ್ನಷ್ಟೇ ಬೇರೆ ಬೆಚ್ಚಗಿನ ನಳಿಕೆಗೆ ತೆಗೆಯುತ್ತೇನೆ. 50ರ ಮೇಲೆ ಅದು ತಿಳಿಯಾಗಿರುತ್ತದೆ, 50ಕ್ಕಿಂತ ತುಸು ಕೆಳಗಿಳಿದೊಡನೆ ಹಾಲಿನಂತೆ ಮಸುಕಾಗುತ್ತದೆ. ಆ ಪದರದ ಬಿಂದು ವಕ್ರರೇಖೆಯ ಮೇಲೆಯೇ ಕುಳಿತಿದೆ ಎಂಬುದನ್ನು ವಿದ್ಯಾರ್ಥಿಗಳು ಆಗ ಕಣ್ಣಾರೆ ಕಾಣುತ್ತಾರೆ.

ಇದಕ್ಕೆಲ್ಲ ಬಟ್ಟಿ ಇಳಿಸಿದ ನೀರೇ ಬೇಕು. ನೀರಿನಲ್ಲಿ ಒಂದು ಶೇಕಡಾ ಅಡುಗೆ ಉಪ್ಪು ಇದ್ದರೂ ಕ್ರಾಂತಿಕ ತಾಪ ಹಲವು ಡಿಗ್ರಿ ಮೇಲೇರುತ್ತದೆ. ಗುಮ್ಮಟ ಎತ್ತರವಾದಾಗ 50 ಡಿಗ್ರಿಯ ಗೆರೆ ಅದನ್ನು ಬೇರೆ ಜಾಗದಲ್ಲಿ ಮುಟ್ಟುತ್ತದೆ, 11 ಮತ್ತು 63 ಎಂಬ ಅಂಕಿಗಳು ಆ ನಳಿಕೆಗೆ ಅನ್ವಯಿಸುವುದಿಲ್ಲ.