ಹೊಸಬರಿಗೆ ಮಾರ್ಗದರ್ಶಿ: ದೆಹಲಿಯಲ್ಲಿ ಮನೆಗೆಲಸದವರ ಸಂಬಳ ಗೊತ್ತುಮಾಡುವುದು

ದೆಹಲಿಗೆ ಬಂದಿಳಿದ ವಾರದೊಳಗೆ ಬಾಗಿಲಿಗೆ ಒಬ್ಬ ಹೆಂಗಸು ಬಂದು "ಕಾಮ್‌ವಾಲಿ ಬೇಕಾ?" ಎಂದು ಕೇಳುತ್ತಾರೆ. ಪಕ್ಕದ ಮನೆಯವರು ಒಂದು ದರ ಹೇಳುತ್ತಾರೆ, ಗೇಟಿನ ಕಾವಲುಗಾರ ಇನ್ನೊಂದು ಹೇಳುತ್ತಾನೆ. ನಾವು "ಬೆಂಗಳೂರಿನಲ್ಲಿ ಇಷ್ಟು ಕೊಡುತ್ತಿದ್ದೆವು" ಎಂದು ಶುರುಮಾಡುತ್ತೇವೆ. ದಯವಿಟ್ಟು ಆ ಮಾತು ಬೇಡ. ಅಲ್ಲಿನ ದರ ಇಲ್ಲಿ ಯಾರಿಗೂ ಬೇಕಿಲ್ಲ. ಎದುರಿಗೆ ನಿಂತವರಿಗೆ ಅದು ಅವಮಾನದಂತೆಯೇ ಕೇಳಿಸುತ್ತದೆ.

ಮೊದಲು ಮಾತು ಬಿಡಿಸಿಕೊಳ್ಳಿ

ಇಲ್ಲಿ ಎಲ್ಲರೂ ಹೇಳುವುದು "ಝಾಡೂ-ಪೋಛಾ-ಬರ್ತನ್", ಅಂದರೆ ಗುಡಿಸುವುದು, ಒರೆಸುವುದು, ಪಾತ್ರೆ. ಒಂದೇ ಉಸಿರಿನಲ್ಲಿ ಹೇಳುವುದರಿಂದ ಒಂದೇ ಕೆಲಸ ಅನ್ನಿಸುತ್ತದೆ. ನಾನು ಎಡವಿದ್ದು ಇಲ್ಲೇ. ದ್ವಾರಕಾದ ಎರಡು ಕೋಣೆಯ ಮನೆಗೆ ಬಂದಾಗ 3,200 ರೂಪಾಯಿಗೆ ಒಪ್ಪಂದವಾಯಿತು. ನಾನು ಎಣಿಸಿದ್ದು ಎರಡು ಹೊತ್ತಿನ ಪಾತ್ರೆ, ಅವರು ಎಣಿಸಿದ್ದು ಬೆಳಗಿನದು ಮಾತ್ರ. ಮೂರನೆಯ ದಿನ ಸಂಜೆ ಸಿಂಕಿನ ಮುಂದೆ ನಿಂತು "ಇದು ಮಾತಾಡಿಲ್ಲವಲ್ಲಾ ದೀದಿ" ಎಂದರು. ನಾನು ಜೋರುಮಾಡಿದೆ. ಐದು ವಾರಕ್ಕೆ ಬಿಟ್ಟುಹೋದರು. ಆ ವರ್ಷ ಮೂವರು ಬದಲಾದರು. ತಪ್ಪು ಅವರದಾಗಿರಲಿಲ್ಲ.

ನಮ್ಮ ಅಡಿಗೆಯ ಲೆಕ್ಕವೂ ಬೇರೆ. ಇಲ್ಲಿ ಒಂದು ಕಡಾಯಿ, ಒಂದು ಕುಕ್ಕರ್, ನಾಲ್ಕು ತಟ್ಟೆ ತೊಳೆದರೆ ಒಂದು ಹೊತ್ತು ಮುಗಿಯಿತು ಎಂದು ಅಂದಾಜು ಮಾಡಿ ದರ ಹೇಳುತ್ತಾರೆ. ನಮ್ಮ ಮನೆಯಲ್ಲಿ ಸಾರಿಗೊಂದು, ಪಲ್ಯಕ್ಕೊಂದು, ಅನ್ನಕ್ಕೊಂದು, ಮೊಸರಿಗೊಂದು, ಒಗ್ಗರಣೆ ಸೌಟು ಬೇರೆ. ಭಾನುವಾರ ಇಡ್ಲಿ ತಟ್ಟೆಗಳು. ಒಂದೊಂದು ಕುಳಿಯಲ್ಲೂ ಬೆರಳಾಡಿಸಿ ತೊಳೆಯಬೇಕು, ಹಿಟ್ಟು ಒಣಗಿದ್ದರೆ ನೆನೆಸಿಯೇ ಉಜ್ಜಬೇಕು. ರುಬ್ಬುವ ಗ್ರೈಂಡರ್ ಇದ್ದರೆ ಅದನ್ನು ಮೊದಲ ದಿನವೇ ತೋರಿಸಿ. ಸಿಂಕಿನಲ್ಲಿ ಒಂದು ದಿನದ ಪಾತ್ರೆ ಪೂರ್ತಿ ಇದ್ದಾಗಲೇ ಮಾತಿಗೆ ಕರೆಯಿರಿ. ಖಾಲಿ ಸಿಂಕ್ ತೋರಿಸಿ ದರ ಕೇಳುವುದು ಮೋಸವೇ.

ನಿಮಿಷ ಎಣಿಸುವುದು

ಒಂದು ವಾರ ನೀವೇ ಆ ಕೆಲಸ ಮಾಡಿ ಗಡಿಯಾರ ನೋಡಿ. ನನಗೆ ಸಿಕ್ಕ ಲೆಕ್ಕ ಇದು, ನಾಲ್ಕು ಜನರ ಮನೆಗೆ: ಗುಡಿಸಿ ಒರೆಸಲು 40 ನಿಮಿಷ, ಬೆಳಗಿನ ಪಾತ್ರೆಗೆ 35, ಸಂಜೆಯ ಪಾತ್ರೆಗೆ 25. ಸಂಜೆ ಅವರು ನಮ್ಮೊಬ್ಬರ ಮನೆಗೆಂದೇ ಮತ್ತೆ ಬರಬೇಕು. ಹೋಗಿಬರುವ 20 ನಿಮಿಷವನ್ನು ಸೇರಿಸಲೇಬೇಕು. ಒಟ್ಟು ದಿನಕ್ಕೆ ಎರಡು ಗಂಟೆ.

ಈಗ ಗಂಟೆಗೆ ಎಷ್ಟು? ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತ್ತು, ನಮ್ಮ ನಾಡಿನ ಬಗ್ಗೆ ಹೆಮ್ಮೆಪಡುವ ಸಂಗತಿ. ದೆಹಲಿಯಲ್ಲಿ ಮನೆಗೆಲಸಕ್ಕೆಂದು ಅಂಥ ಪ್ರತ್ಯೇಕ ದರವಿಲ್ಲ. ಆದರೆ ಅಳತೆಗೋಲು ಇದೆ. ದೆಹಲಿ ಸರ್ಕಾರ ಕೌಶಲ ಬೇಡದ ಕೆಲಸಕ್ಕೆ 2025ರ ಏಪ್ರಿಲ್‌ನಿಂದ ತಿಂಗಳಿಗೆ 18,456 ರೂಪಾಯಿ ಗೊತ್ತುಮಾಡಿತು. ತುಟ್ಟಿಭತ್ಯೆಯ ಪ್ರಕಾರ ಏಪ್ರಿಲ್ ಮತ್ತು ಅಕ್ಟೋಬರ್‌ಗಳಲ್ಲಿ ಇದನ್ನು ಪರಿಷ್ಕರಿಸುತ್ತಾರೆ, ಹೊಸ ಅಂಕಿ ನೋಡಿಕೊಳ್ಳಿ. ಅದನ್ನು 26 ದಿನ, 8 ಗಂಟೆಯಿಂದ ಭಾಗಿಸಿದರೆ ಗಂಟೆಗೆ ಸುಮಾರು 89 ರೂಪಾಯಿ.

ಇಲ್ಲಿ 26 ಎಂಬುದನ್ನು ಬಿಡಬೇಡಿ. ಬಹಳ ಜನ 30ರಿಂದ ಭಾಗಿಸಿ 77 ರೂಪಾಯಿ ತೆಗೆಯುತ್ತಾರೆ. ಹಾಗೆ ಮಾಡಿದರೆ ವಾರದ ರಜೆಯ ದುಡ್ಡನ್ನು ನಾವೇ ನುಂಗಿದಂತೆ. 26ರ ಲೆಕ್ಕದಲ್ಲಿ ತಿಂಗಳಿಗೆ ನಾಲ್ಕು ದಿನ ಸಂಬಳದ ರಜೆ ಒಳಗೇ ಇದೆ. ರಜೆ ಕೊಡದೆ 30 ದಿನವೂ ಬರಲಿ ಎನ್ನುವವರು 30 ದಿನಕ್ಕೂ 89ರಂತೆ ಕೊಡಬೇಕು.

ನನ್ನ ಮನೆಗೆ: ದಿನಕ್ಕೆ 2 ಗಂಟೆ, 26 ದಿನ, ಒಟ್ಟು 52 ಗಂಟೆ. 52ನ್ನು 89ರಿಂದ ಗುಣಿಸಿದರೆ 4,628. ಆ ಮೂವರ ನಂತರ ಬಂದ ನಾಲ್ಕನೆಯ ಕೆಲಸದವರು ಕೇಳಿದ್ದು 4,500. ಆಗ ನನ್ನ ಪಕ್ಕದ ಮನೆಯವರು "ನಮ್ಮ ಬ್ಲಾಕಿನಲ್ಲಿ 3,000ವೇ ರೇಟು, ನೀವು ರೇಟು ಕೆಡಿಸುತ್ತೀರಿ" ಎಂದರು. ಹಿಂದುಮುಂದಾಗಿ ಲೆಕ್ಕ ಹಾಕಿ ನೋಡಿದೆ: 3,000ವನ್ನು 52ರಿಂದ ಭಾಗಿಸಿದರೆ ಗಂಟೆಗೆ 58 ರೂಪಾಯಿ. ಆಮೇಲೆ ವಿಚಾರಿಸಿದರೆ ಅವರ ಮನೆಯಲ್ಲಿ ಇಬ್ಬರೇ, ಪಾತ್ರೆ ಒಂದೇ ಹೊತ್ತು, ದಿನಕ್ಕೆ 55 ನಿಮಿಷದ ಕೆಲಸ. ಅವರ 3,000 ನನ್ನ ಲೆಕ್ಕದ 4,628ಕ್ಕಿಂತ ಹೆಚ್ಚಿನ ಕೂಲಿ! ಯಾರ ರೇಟನ್ನು ಕೇಳಿದರೂ ಜನ ಎಷ್ಟು, ಎಷ್ಟು ಹೊತ್ತು, ಎಷ್ಟು ನಿಮಿಷ ಎಂದು ಕೇಳದೆ ನಂಬಬೇಡಿ. ಪಕ್ಕದ ಮನೆಯ ಕೆಲಸದವರಿಗೆ ನಿಮಿಷದ ಲೆಕ್ಕಕ್ಕಿಂತ ಹೆಚ್ಚು ಸಿಗುವುದೂ ನ್ಯಾಯವೇ, ಅರ್ಧ-ಮುಕ್ಕಾಲು ಗಂಟೆಯ ಕೆಲಸಕ್ಕೂ ಹೋಗಿಬರುವ ಶ್ರಮ ಅಷ್ಟೇ ಇರುತ್ತದೆ. ಈ ಲೆಕ್ಕದಿಂದ ಸಿಗುವುದು ಕೆಳಗಿನ ಮಿತಿ, ಅದಕ್ಕಿಂತ ಇಳಿಯಬೇಡಿ ಎಂಬುದಷ್ಟೇ.

ಮೇ-ಜೂನಿನಲ್ಲಿ ಧೂಳಿನ ಗಾಳಿ ಬೀಸಿದಾಗ ಅದೇ ನೆಲಕ್ಕೆ ಎರಡು ಸಲ ಬಟ್ಟೆ ಹಿಂಡಬೇಕಾಗುತ್ತದೆ. ಡಿಸೆಂಬರ್-ಜನವರಿಯಲ್ಲಿ ತೊಟ್ಟಿಯ ನೀರು ಕೈ ಮರಗಟ್ಟಿಸುವಷ್ಟು ತಣ್ಣಗಿರುತ್ತದೆ. ಅಡಿಗೆಮನೆಗೆ ಗೀಸರ್ ನೀರು ಬಿಟ್ಟುಕೊಡಿ. ನಮ್ಮ ಊರಿನಿಂದ ಬಂದವರಿಗೆ ಮೊದಲ ಚಳಿಗಾಲದಲ್ಲಿ ಇದು ಹೊಳೆಯುವುದೇ ಇಲ್ಲ.

ಅಡಿಗೆಯವರು

ಇದನ್ನು ಕೌಶಲದ ಕೆಲಸವೆಂದೇ ಎಣಿಸಿ. ಆ ವರ್ಗಕ್ಕೆ ಅದೇ ಏಪ್ರಿಲ್‌ನಿಂದ 22,411, ಅಂದರೆ ಗಂಟೆಗೆ ಸುಮಾರು 108. ಇಲ್ಲಿ ತಲೆ ಎಣಿಸಿ, ಹೊತ್ತು ಎಣಿಸಿ ದರ ಹೇಳುತ್ತಾರೆ. ತರಕಾರಿ ಹೆಚ್ಚುವುದು, ಹಿಟ್ಟು ಕಲಸುವುದು, ಒಲೆ ಒರೆಸುವುದು ಯಾರ ಪಾಲಿಗೆ ಎಂಬುದನ್ನು ಮೊದಲೇ ಮಾತಾಡಿ.

ಬಡಾವಣೆ

ಒಂದೇ ಕೆಲಸಕ್ಕೆ ಬೇರೆ ಬಡಾವಣೆಯಲ್ಲಿ ಬೇರೆ ದರ ಏಕೆ ಎಂದು ನಮ್ಮ ಕನ್ನಡ ಸಂಘದ ಸಭೆಯಲ್ಲಿ ಪ್ರತಿಸಲ ಕೇಳುತ್ತಾರೆ. ಶ್ರೀಮಂತರ ಏರಿಯಾ ಎಂಬುದೊಂದೇ ಕಾರಣವಲ್ಲ. ಕೆಲಸದವರ ಮನೆ ಎಷ್ಟು ದೂರ ಎಂಬುದೇ ಮುಖ್ಯ. ಹಿಂದಿನ ಬಸ್ತಿಯಿಂದ ನಡೆದು ಬರುವವರು ಬೆಳಗ್ಗೆ ನಾಲ್ಕೈದು ಮನೆ ಮುಗಿಸುತ್ತಾರೆ. ಬಸ್ಸು ಹಿಡಿದು ಬರುವವರಿಗೆ ಅಷ್ಟು ಹೊತ್ತಿನಲ್ಲಿ ಎರಡು-ಮೂರೇ ಮನೆ, ಆ ಸಂಬಳದಲ್ಲೇ ದಾರಿಯ ಹೊತ್ತೂ ಹುಟ್ಟಬೇಕು. ಎತ್ತರದ ಸೊಸೈಟಿಗಳಲ್ಲಿ ಗೇಟ್ ಪಾಸ್, ಬ್ಯಾಗ್ ತಪಾಸಣೆ, ಲಿಫ್ಟಿಗಾಗಿ ಕಾಯುವುದು ಇವೆಲ್ಲ ಸೇರಿದರೆ ಮನೆಯೊಂದಕ್ಕೆ ಹತ್ತು ನಿಮಿಷ ಸುಲಭವಾಗಿ ಹೋಗುತ್ತದೆ. ಒಂದೇ ಟವರಿನಲ್ಲಿ ಅವರಿಗೆ ಇನ್ನೂ ಎರಡು ಮನೆ ಇದ್ದರೆ ಆ ನಷ್ಟ ಹಂಚಿಹೋಗುತ್ತದೆ, ಚೌಕಾಸಿಗೆ ಬದಲು ಅಂಥ ಮನೆ ಹುಡುಕಿಕೊಡಿ.

ನೋಯ್ಡಾ ಉತ್ತರ ಪ್ರದೇಶಕ್ಕೆ, ಗುರುಗ್ರಾಮ ಹರಿಯಾಣಕ್ಕೆ ಸೇರಿದ್ದು. ಅಲ್ಲಿನ ಸರ್ಕಾರಿ ಕನಿಷ್ಠ ವೇತನ ಬೇರೆ. ಆದರೆ ಬೇಳೆ, ಬಾಡಿಗೆ ಅಗ್ಗವಾಗಿಲ್ಲ, ನಮ್ಮ ಸಂಘದವರು ಅಲ್ಲೂ ದೆಹಲಿಯ ಅಳತೆಯನ್ನೇ ಹಿಡಿಯಬೇಕೆಂಬುದು ನಮ್ಮ ಕೋರಿಕೆ. ಕನ್ನಡದವರ ಮನೆಯಲ್ಲಿ ಸಂಬಳ ಕೈಗೆ ಸರಿಯಾಗಿ ಬರುತ್ತದೆ ಎಂಬ ಹೆಸರು ಹಲವು ಬಡಾವಣೆಗಳಲ್ಲಿದೆ. ಹೊಸಬರು ಕೆಡಿಸಬೇಡಿ.

ಮೊದಲ ದಿನ ಮಾತಾಡಿ, ಕಾಗದದಲ್ಲಿ ಬರೆದಿಡಬೇಕಾದದ್ದು

- ಯಾವ ಕೆಲಸ, ಎಷ್ಟು ಹೊತ್ತು
- ತಿಂಗಳಿಗೆ ನಾಲ್ಕು ರಜೆ, ಹೇಳದೆ ಬಿಟ್ಟರೆ ಏನು
- ಸಂಬಳದ ತಾರೀಕು
- ನೆಂಟರು ಬಂದಾಗ ಹೆಚ್ಚುವರಿ (ನಮ್ಮಲ್ಲಿ ಗಂಟೆಗೆ 100)
- ನಾವು ಊರಿಗೆ ಹೋದ ದಿನಗಳ ಸಂಬಳ: ಪೂರ್ತಿ ಕೊಡಬೇಕು, ಆ ಸಮಯ ನಮಗೆಂದೇ ಮೀಸಲಿದೆ
- ದೀಪಾವಳಿಗೆ ಬೋನಸ್ ಎಷ್ಟು
- ಪೊಲೀಸ್ ವೆರಿಫಿಕೇಷನ್
- 14 ವರ್ಷದೊಳಗಿನವರನ್ನು ಇಟ್ಟುಕೊಳ್ಳುವುದು ಅಪರಾಧ