ಇಂಡಕ್ಷನ್ ಕಡಾಯಿ ವಾಪಸ್ ಬಂದ ಮೇಲೆ ಲಿಸ್ಟಿಂಗ್ ಬರೆಯೋದು ಹೇಗೆ ಬದಲಾಯ್ತು

ಗೋಣಿಕೊಪ್ಪದಲ್ಲಿ ನಮ್ಮದು ಪಾತ್ರೆ ಅಂಗಡಿ, ಆನ್‌ಲೈನಲ್ಲೂ ಮಾರ್ತೀವಿ, ಲಿಸ್ಟಿಂಗ್ ಬರೆಯೋದು ನಾನೇ. ಮೊದಲೆಲ್ಲ ಡಬ್ಬದ ಮೇಲೆ ಏನಿದೆಯೋ ಅದನ್ನೇ ನೋಡ್ಕೊಂಡು ಟೈಪ್ ಮಾಡಿಬಿಡ್ತಿದ್ದೆ.

ಹೋದ ಮಳೆಗಾಲದಲ್ಲಿ ಹೋಂಸ್ಟೇ ನಡೆಸೋ ಅಕ್ಕ ಒಬ್ಬರು ನಮ್ಮಿಂದ ತಗೊಂಡ ನಾನ್‌ಸ್ಟಿಕ್ ಅಲ್ಯೂಮಿನಿಯಂ ಕಡಾಯಿ ಹಿಡ್ಕೊಂಡು ಅಂಗಡಿಗೇ ಬಂದ್ರು. "ಅಣ್ಣ, ಇಂಡಕ್ಷನ್‌ಗೆ ಆಗುತ್ತೆ ಅಂತ ನೀವೇ ಹಾಕಿದ್ರಲ್ಲ, ಸ್ಟವ್ ಮೇಲೆ ಇಟ್ರೆ ಬೀಪ್ ಬೀಪ್ ಅಂದು ಆಫ್ ಆಗ್ತಿದೆ" ಅಂದ್ರು. ಫ್ರಿಡ್ಜ್ ಮೇಲಿನ ಮ್ಯಾಗ್ನೆಟ್ ತಂದು ತಳಕ್ಕೆ ಇಟ್ಟು ನೋಡ್ದೆ, ನಡುವಲ್ಲಿ ಗಟ್ಟಿಯಾಗಿ ಹಿಡಿತು, ಸ್ವಲ್ಪ ಆಚೆ ಸರಿಸಿದ್ರೆ ಜಾರಿ ಬಿತ್ತು. ಸ್ಕೇಲ್ ಇಟ್ಟು ಅಳೆದ್ರೆ ತಳ 16 ಸೆಂ.ಮೀ. ಇದೆ, ಆದ್ರೆ ಅದಕ್ಕೆ ಕೂರಿಸಿದ ಸ್ಟೀಲ್ ಪ್ಲೇಟ್ ಬರೀ 9 ಸೆಂ.ಮೀ. ಅವರ ಸ್ಟವ್ ಜೊತೆ ಬಂದ ಪುಸ್ತಕದಲ್ಲಿ ಕಮ್ಮಿ ಅಂದ್ರೂ 12 ಸೆಂ.ಮೀ. ತಳ ಬೇಕು ಅಂತಿತ್ತು. ಬರೀ ಅಲ್ಯೂಮಿನಿಯಂ ಇದ್ರೆ ಮನೆಯ ಇಂಡಕ್ಷನ್ ಸ್ಟವ್‌ಗಳು ಅದನ್ನ ಪಾತ್ರೆ ಅಂತಲೇ ಗುರುತಿಸಲ್ಲ, ಮ್ಯಾಗ್ನೆಟ್ ಹಿಡಿಯೋ ಲೋಹನೇ ಬೇಕು, ಹಾಗಾಗಿ ಆ ಸಣ್ಣ ಪ್ಲೇಟನ್ನ ಅವರ ಸ್ಟವ್ ಲೆಕ್ಕಕ್ಕೇ ತಗೊಳ್ಳಲಿಲ್ಲ. ದುಡ್ಡು ವಾಪಸ್ ಕೊಟ್ಟೆ, ತಪ್ಪು ನಾನು ಬರೆದಿದ್ದರಲ್ಲೇ ಇತ್ತು.

ಆವತ್ತು ಸಂಜೆನೇ ಅದೇ ಕಡಾಯಿ ಲಿಸ್ಟಿಂಗ್ ತೆಗೆದು ಮತ್ತೆ ಬರೆದೆ. ಬರೀ "ಇಂಡಕ್ಷನ್‌ಗೆ ಆಗುತ್ತೆ" ಅಂತ ಹಾಕೋದು ಬಿಟ್ಟು "ಮ್ಯಾಗ್ನೆಟ್ ಹಿಡಿಯೋ ತಳ 9 ಸೆಂ.ಮೀ., ಸಣ್ಣ ಪಾತ್ರೆ ಗುರುತಿಸೋ ಸ್ಟವ್‌ಗೆ ಮಾತ್ರ, ಗ್ಯಾಸ್‌ಗೆ ಆರಾಮಾಗಿ ಆಗುತ್ತೆ" ಅಂತ ಹಾಕಿದೆ. ಈಗ ಸ್ಟೀಲ್ ಪಾತ್ರೆಗೂ ಮ್ಯಾಗ್ನೆಟ್ ಇಟ್ಟೇ ನೋಡ್ತೀನಿ, ಯಾಕಂದ್ರೆ 304 ಗ್ರೇಡ್ ಸ್ಟೀಲ್ ಒಳ್ಳೇದೇ ಆದ್ರೂ ಅದಕ್ಕೆ ಮ್ಯಾಗ್ನೆಟ್ ಸರಿಯಾಗಿ ಅಂಟಲ್ಲ, ತಳಕ್ಕೆ 430 ಗ್ರೇಡ್ ಸ್ಟೀಲ್ ಪದರ ಹಾಕಿದ್ರೆ ಹಿಡಿಯುತ್ತೆ.

ಅಳತೆ ವಿಷಯನೂ ಹಂಗೇ. ಡಬ್ಬದಲ್ಲಿ 3 ಲೀಟರ್ ಅಂತಿತ್ತು, ಲೀಟರ್ ಅಳತೆಲಿ ನೀರು ಹೊಯ್ದು ನೋಡಿದ್ರೆ ಅದು ಅಂಚು ತುಂಬಿದಾಗ, ಎರಡು ಬೆರಳು ಕೆಳಗೆ ನಿಲ್ಲಿಸಿದ್ರೆ 2.2 ಲೀಟರ್. ಪಂದಿ ಕರಿ ಕುದಿಯೋವಾಗ ಚೆಲ್ಲಬಾರದಲ್ಲ, ಅದಕ್ಕೆ ಎರಡೂ ಲೆಕ್ಕ ಬರೀತೀನಿ.

ಓವನ್ ವಿಷಯಕ್ಕೆ ಬಂದ್ರೆ ಕೋಟಿಂಗ್ ಒಂದನ್ನೇ ನೋಡಿದ್ರೆ ಸಾಲದು. ನಾನ್‌ಸ್ಟಿಕ್‌ಗೆ ಹಾಕೋ ಪಿಟಿಎಫ್ಇ ಕೋಟಿಂಗ್ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಹಾಳಾಗೋಕೆ ಶುರುವಾಗುತ್ತೆ, ಆದ್ರೆ ಬೇಕಲೈಟ್ ಹಿಡಿ ಅದಕ್ಕಿಂತ ಎಷ್ಟೋ ಮೊದಲೇ ಕೆಡುತ್ತೆ, ಗಾಜಿನ ಮುಚ್ಚಳಕ್ಕೆ ಅದರದ್ದೇ ಬೇರೆ ಮಿತಿ. ಕಂಪನಿ ಹಿಡಿಗೂ ಮುಚ್ಚಳಕ್ಕೂ ಮಿತಿ ಬರೆದು ಕೊಟ್ಟಿದ್ರೆ ಎಲ್ಲದರಲ್ಲಿ ಕಮ್ಮಿ ಇರೋದನ್ನ ಹಾಕ್ತೀನಿ, ಕೊಟ್ಟಿಲ್ಲ ಅಂದ್ರೆ "ಓವನ್‌ಗೆ ಬೇಡ". ಈ ಕಡಾಯಿಗೆ ಹಾಕಿದ್ದು ಅದನ್ನೇ.

ಕೋಟಿಂಗ್ ಬಗ್ಗೆ ಒಂದೇ ಸಾಲು ಸೇರಿಸಿದೆ, ಖಾಲಿ ಕಡಾಯಿನ ಜೋರು ಉರಿಲಿ ಬಿಡಬೇಡಿ, ಮೊದಲು ಎಣ್ಣೆ ಹಾಕಿ ಸಣ್ಣ ಉರಿಲಿ ಶುರು ಮಾಡಿ ಅಂತ. ಇಂಡಕ್ಷನ್‌ನಲ್ಲಿ ಖಾಲಿ ಪಾತ್ರೆ ನೋಡ್ತಾ ನೋಡ್ತಾನೇ ಕಾದುಬಿಡುತ್ತೆ.

ಆ ಅಕ್ಕ ಆಮೇಲೆ 18 ಸೆಂ.ಮೀ. ಪೂರ್ತಿ ಸ್ಟೀಲ್ ತಳ ಇರೋ ಕಡಾಯಿ ತಗೊಂಡ್ರು, ಅಂಗಡಿಲೇ ಮ್ಯಾಗ್ನೆಟ್ ಇಟ್ಟು ನೋಡ್ಕೊಂಡು.