ಸಕ್ಕರೆ ಬಿಟ್ಟ ಲಾಭವನ್ನು ಬಿಸ್ಕತ್ತು ತಿಂದಿತು

ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ ನನ್ನದು. ದಿನಕ್ಕೆ ಐದು ಲೋಟ ಕಾಫಿ, ಪ್ರತಿ ಲೋಟಕ್ಕೂ ಎರಡು ಚಮಚ ಸಕ್ಕರೆ. ತೂಕ 82 ಕಿಲೋ ತಲುಪಿದಾಗ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಚಮಚ ಸಕ್ಕರೆಯನ್ನು ತೂಗಿ ನೋಡಿದೆ. ಸುಮಾರು 5 ಗ್ರಾಂ ಇತ್ತು. ಅಂದರೆ ಕಾಫಿಯಿಂದಲೇ ದಿನಕ್ಕೆ 50 ಗ್ರಾಂ ಸಕ್ಕರೆ, ಗ್ರಾಂಗೆ 4ರಂತೆ 200 ಕ್ಯಾಲೊರಿ. ಇದನ್ನು ನಿಲ್ಲಿಸಿ ಉಳಿದ ಊಟವನ್ನು ಹಾಗೆಯೇ ಇಟ್ಟುಕೊಂಡರೆ ತಿಂಗಳಿಗೆ ಮುಕ್ಕಾಲು ಕಿಲೋ ಕೊಬ್ಬು ಕರಗಬೇಕು ಎಂದು ಲೆಕ್ಕ ಹಾಕಿ, ಸುಕ್ರಲೋಸ್ ಗುಳಿಗೆಗಳ ಡಬ್ಬಿಯೊಂದನ್ನು ತಂದೆ.

ಎರಡು ತಿಂಗಳ ನಂತರ ಇಳಿದಿದ್ದ ತೂಕ ಅರ್ಧ ಕಿಲೋ ಮಾತ್ರ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ್ದರಿಂದ ಗುಳಿಗೆಯಲ್ಲಿರುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ ಪ್ರಮಾಣ, ತಪ್ಪು ಅದರಲ್ಲಿರಲಿಲ್ಲ. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆದಿಟ್ಟಾಗ ಸೋರಿಕೆ ಕಣ್ಣಿಗೆ ಬಿತ್ತು. ಸಂಜೆ ನಾಲ್ಕರ ಕಾಫಿಯ ಜೊತೆಗೆ ಮೊದಲು ಎರಡು ಬಿಸ್ಕತ್ತು ತಿನ್ನುತ್ತಿದ್ದವನು, ‘ಶುಗರ್‌ಫ್ರೀ’ ಎಂಬ ಹೆಸರಿನ ಧೈರ್ಯದಲ್ಲಿ ಐದು ತಿನ್ನುತ್ತಿದ್ದೆ. ಪೊಟ್ಟಣದ ಹಿಂಬದಿಯನ್ನು ಓದಿದರೆ 100 ಗ್ರಾಂಗೆ 460 ಕ್ಯಾಲೊರಿ ಎಂದಿತ್ತು, ಸಾಮಾನ್ಯ ಬಿಸ್ಕತ್ತಿಗೂ ಅದಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಸಕ್ಕರೆಯ ಜಾಗದಲ್ಲಿ ಮಾಲ್ಟಿಟಾಲ್ ಇತ್ತು, ಅದಕ್ಕೂ ಸಕ್ಕರೆಯ ಅರ್ಧಕ್ಕಿಂತ ತುಸು ಹೆಚ್ಚು ಶಕ್ತಿಯಿದೆ. ಮೈದಾ, ಎಣ್ಣೆ ಎರಡೂ ಇದ್ದಲ್ಲಿಯೇ ಇದ್ದವು. ಬಿಸ್ಕತ್ತೊಂದಕ್ಕೆ 8 ಗ್ರಾಂ ಎಂದರೂ ಹೆಚ್ಚುವರಿ ಮೂರಕ್ಕೆ 110 ಕ್ಯಾಲೊರಿ ಆಯಿತು, ‘ಹೇಗೂ ಸಕ್ಕರೆ ಬಿಟ್ಟಿದ್ದೇನಲ್ಲ’ ಎಂದು ತೆಗೆದುಕೊಳ್ಳುತ್ತಿದ್ದ ಒಂದು ಹಿಡಿ ಖಾರಾ ಮಿಕ್ಸ್ಚರ್ ಉಳಿದದ್ದರಲ್ಲಿ ಬಹುಪಾಲನ್ನು ನುಂಗಿತು. ಮಾಲ್ಟಿಟಾಲ್ ಹೆಚ್ಚಾದ ದಿನ ಹೊಟ್ಟೆ ಉಬ್ಬರಿಸಿ ಗುಡುಗುಡು ಎನ್ನುತ್ತಿದ್ದುದಕ್ಕೂ ಆಗಲೇ ಕಾರಣ ತಿಳಿಯಿತು. ಅಲ್ಲಿಯವರೆಗೆ ನಾನು ಕಚೇರಿ ಕ್ಯಾಂಟೀನಿನ ಸಾಂಬಾರನ್ನು ಬೈಯುತ್ತಿದ್ದೆ.

ಬಿಸ್ಕತ್ತು ಮತ್ತು ಮಿಕ್ಸ್ಚರನ್ನು ನಿಲ್ಲಿಸಿ ಗುಳಿಗೆಯನ್ನು ಮಾತ್ರ ಮುಂದುವರಿಸಿದೆ. ಪ್ರತಿದಿನ ಬೆಳಿಗ್ಗೆ ತೂಗಿ ವಾರದ ಸರಾಸರಿಯನ್ನು ಮಾತ್ರ ನೋಡುತ್ತಿದ್ದೆ, ಏಕೆಂದರೆ ಒಂದು ದಿನದ ಉಪ್ಪಿನಕಾಯಿ ಮತ್ತು ಹಪ್ಪಳವೇ ಮರುದಿನ ಮುಕ್ಕಾಲು ಕಿಲೋ ನೀರನ್ನು ಹಿಡಿದಿಡುತ್ತಿತ್ತು. ಹನ್ನೆರಡು ವಾರಗಳಲ್ಲಿ ಸರಾಸರಿ ಎರಡೂಕಾಲು ಕಿಲೋ ಇಳಿಯಿತು, ಹೊಕ್ಕುಳ ಮಟ್ಟದಲ್ಲಿ ಅಳೆದ ಸೊಂಟ ಮೂರು ಸೆಂಟಿಮೀಟರ್ ಕಡಿಮೆಯಾಯಿತು. ಮೊದಲ ಲೆಕ್ಕಕ್ಕೆ ಇದು ಸರಿಹೊಂದುತ್ತದೆ.

ಆದರೆ ನಾಲ್ಕು ಗಂಟೆಯ ಸಿಹಿ ಚಪಲ ಹೋಗಲಿಲ್ಲ. ಕೃತಕ ಸಿಹಿಯೇ ನಾಲಿಗೆಯನ್ನು ಕೆರಳಿಸುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಪರೀಕ್ಷಿಸಲೆಂದು ಆರು ವಾರ ದಿನವೂ ಮೂರು ಸಂಗತಿಗಳನ್ನು ಬರೆದಿಟ್ಟೆ: ಮಧ್ಯಾಹ್ನದ ಊಟವೇನು, ಆ ದಿನದ ಕಾಫಿಗೆ ಗುಳಿಗೆ ಹಾಕಿದ್ದೆನೋ ಇಲ್ಲವೋ, ನಾಲ್ಕಕ್ಕೆ ಚಪಲ ಸೊನ್ನೆಯಿಂದ ಐದರೊಳಗೆ ಎಷ್ಟು. ಗುಳಿಗೆ ಹಾಕಿದ ಮತ್ತು ಹಾಕದ ದಿನಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬರಿಯ ಅನ್ನ ಸಾರಿನ ದಿನ ಮಾತ್ರ ಚಪಲ ನಾಲ್ಕರ ಆಸುಪಾಸಿನಲ್ಲಿರುತ್ತಿತ್ತು. ಹುರುಳಿಕಾಳಿನ ಪಲ್ಯ, ಎರಡು ಬೇಯಿಸಿದ ಮೊಟ್ಟೆ ಅಥವಾ ದೊಡ್ಡ ಬಟ್ಟಲು ಮೊಸರು ಇದ್ದ ದಿನ ಒಂದು, ಎರಡಕ್ಕೆ ಇಳಿಯುತ್ತಿತ್ತು. ನಾನು ಚಪಲ ಎಂದುಕೊಂಡದ್ದರಲ್ಲಿ ದೊಡ್ಡ ಪಾಲು ಹಸಿವೇ ಆಗಿತ್ತು. ಇದು ಒಬ್ಬನ ಪಟ್ಟಿ, ಎಲ್ಲರಿಗೂ ಹೀಗೆಯೇ ಆಗಬೇಕೆಂದಿಲ್ಲ.

ಉಳಿದ ಪಾಲು ರೂಢಿಯದು. ಗುಳಿಗೆ ಕ್ಯಾಲೊರಿಯನ್ನು ತೆಗೆಯುತ್ತದೆಯೇ ಹೊರತು ‘ಕಾಫಿಯೆಂದರೆ ಇಷ್ಟು ಸಿಹಿ’ ಎಂಬ ನಾಲಿಗೆಯ ಅಳತೆಯನ್ನು ಹಾಗೆಯೇ ಉಳಿಸುತ್ತದೆ. ಆದ್ದರಿಂದ ಲೋಟಕ್ಕೆ ಎರಡಿದ್ದ ಗುಳಿಗೆಯನ್ನು ಒಂದಕ್ಕೆ ಇಳಿಸಿ ಮೂರು ವಾರ ಬಿಟ್ಟೆ, ಅನಂತರ ಅರ್ಧಕ್ಕೆ, ಕೊನೆಗೆ ಇಲ್ಲ. ಪ್ರತಿ ಇಳಿಕೆಯ ಮೊದಲ ನಾಲ್ಕೈದು ದಿನ ಕಾಫಿ ಕಷಾಯದಂತಿತ್ತು. ಡಿಕಾಕ್ಷನ್ ತುಸು ಕಡಿಮೆ ಮಾಡಿ ಹಾಲು ಹೆಚ್ಚಿಸಿದಾಗ ದಾಟಿಕೊಂಡೆ. ಈಗ ನೆಂಟರ ಮನೆಯಲ್ಲಿ ಹಳೆಯ ಅಳತೆಯ ಕಾಫಿ ಕೊಟ್ಟರೆ ಪಾಯಸ ಕುಡಿದಂತಾಗುತ್ತದೆ.

ತೂಕ ಇಳಿಸಲು ಸಕ್ಕರೆಯಲ್ಲದ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿದಾಗ ಹಲವರು ಗಾಬರಿಯಾದರು. ಆ ಸಲಹೆ ಷರತ್ತುಬದ್ಧವಾದದ್ದು, ಮತ್ತು ಈಗಾಗಲೇ ಮಧುಮೇಹವಿರುವವರಿಗೆ ಅನ್ವಯಿಸುವುದಿಲ್ಲ. ನನ್ನ ತಾಯಿಗೆ ಮಧುಮೇಹವಿದೆ. ಅವರ ವೈದ್ಯರು ಬೇಡವೆಂದಿಲ್ಲವಾದ್ದರಿಂದ ಡಬ್ಬಿಯಲ್ಲಿ ಉಳಿದ ಗುಳಿಗೆಗಳು ಈಗ ಅವರ ಚಹಾಕ್ಕೆ ಸಲ್ಲುತ್ತಿವೆ. ಯುಗಾದಿಗೆ ‘ಶುಗರ್‌ಫ್ರೀ’ ಹೋಳಿಗೆ ತರಿಸೋಣವೇ ಎಂದು ಅವರು ಕೇಳಿದಾಗ, ಅದರಲ್ಲೂ ಮೈದಾ, ತುಪ್ಪ ಅಷ್ಟೇ ಇರುತ್ತದೆಂದು ತಿಳಿಸಿ, ಮನೆಯಲ್ಲೇ ಬೆಲ್ಲದ ಹೋಳಿಗೆ ಮಾಡಿ ಒಂದನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡೆವು.